ಇನ್‌ಪುಟ್ ಜಾಸ್ತಿ ಇದ್ದರೂ ಜಿಎಸ್‌ಟಿ ಯಾಕೆ ಕಟ್ಟಬೇಕು? ಒಂದು ಅಂಗಡಿಯ ಅಕ್ಟೋಬರ್ ಲೆಕ್ಕ

ಪ್ರಶ್ನೆ: ಸರ್, ಚಿತ್ರದುರ್ಗದಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಮತ್ತು ಪೈಪ್ ಅಂಗಡಿ ಇದೆ. ಎಲ್ಲಾ ಮಾಲೂ 18%ರ ದರದ್ದು. ರಿಟರ್ನ್ ತಿಂಗಳು ತಿಂಗಳು ಹಾಕುತ್ತೇವೆ. ಅಕ್ಟೋಬರ್‌ನಲ್ಲಿ ಊರಲ್ಲಿ 5 ಲಕ್ಷದ ಮಾಲು ಮಾರಿದೆ. ಆಂಧ್ರದ ರಾಯದುರ್ಗದ ಒಂದು ಅಂಗಡಿಗೆ 1 ಲಕ್ಷದ ಮಾಲು ಕಳಿಸಿದೆ. ಮಾರಾಟದ ತೆರಿಗೆ ಒಟ್ಟು 1,08,000. ಖರೀದಿ ನೋಡಿದರೆ ಬೆಂಗಳೂರಿನಿಂದ 2 ಲಕ್ಷ, ದಾವಣಗೆರೆಯಿಂದ 1 ಲಕ್ಷ, ಕೊಯಮತ್ತೂರಿನಿಂದ 3,20,000. ದೀಪಾವಳಿಗೆ ಎಲೆಕ್ಟ್ರಿಶಿಯನ್‌ಗಳಿಗೆ ಕೊಡಲು 8,000ಕ್ಕೆ ಗೋಡೆ ಗಡಿಯಾರವನ್ನೂ ತಂದೆ. ಖರೀದಿಯ ತೆರಿಗೆ ಒಟ್ಟು 1,13,040. ಅಂದರೆ ನನಗೇ 5,040 ಉಳಿಯಬೇಕು, ಅಲ್ವಾ? ಆದರೆ ನಮ್ಮ ರಿಟರ್ನ್ ಹಾಕುವ ಹುಡುಗ 28,350 ಕಟ್ಟಿ ಅಂತಾನೆ. ಅಂಗಡಿ ಬಾಡಿಗೆ 15,000, ಅದಕ್ಕೂ ತೆರಿಗೆ ಸೇರಿಸಿದ್ದಾನೆ. ಮಾಲೀಕರಿಗೆ ಜಿಎಸ್‌ಟಿ ನಂಬರೇ ಇಲ್ಲ! ಹಿಂದಿನ ತಿಂಗಳ ಬಾಕಿ ಯಾವ ಕಡೆಯೂ ಇಲ್ಲ. ಯಾರ ಲೆಕ್ಕ ಸರಿ?

ಉತ್ತರ: ಇಬ್ಬರದ್ದೂ ಸರಿಯಿಲ್ಲ. ನೀವು ಕಟ್ಟಬೇಕಾದ್ದು 14,400 ರೂಪಾಯಿ. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವುದಕ್ಕೆ ಕ್ರೆಡಿಟ್ ಅಂತಾರೆ. ನಿಮ್ಮ ಲೆಕ್ಕದಲ್ಲಿ ಈ ತಿಂಗಳು ಸಿಗದ ಕ್ರೆಡಿಟ್ ಸೇರಿಕೊಂಡಿದೆ. ಹುಡುಗನ ಲೆಕ್ಕದಲ್ಲಿ ಕ್ರೆಡಿಟ್ ಸರಿಯಾಗಿದೆ, ಆದರೆ ಅದನ್ನು ಹಂಚಿದ ರೀತಿ ತಪ್ಪಿದೆ. ಇನ್ನೂ ಚಲನ್ ಕಟ್ಟಿಲ್ಲ ಅಂದರೆ ಒಳ್ಳೆಯದೇ ಆಯಿತು. ನವೆಂಬರ್ 20ರವರೆಗೆ ಸಮಯ ಇದೆ.

ಮೊದಲು ನಿಮ್ಮ ಲೆಕ್ಕ ನೋಡೋಣ. ಬಿಲ್ಲಿನಲ್ಲಿ ತೆರಿಗೆ ಕೊಟ್ಟಿದ್ದೇನೆ, ಆದ್ದರಿಂದ ಅಷ್ಟೂ ನನ್ನ ಕ್ರೆಡಿಟ್ ಅಂತ ನೀವು ಹಿಡಿದಿದ್ದೀರಿ. ವ್ಯಾಟ್ ಕಾಲದಿಂದ ಅಂಗಡಿ ನಡೆಸುವವರು ಹೆಚ್ಚಿನವರು ಹೀಗೇ ಲೆಕ್ಕ ಹಾಕುತ್ತಾರೆ. ಜಿಎಸ್‌ಟಿಯಲ್ಲಿ ಬಿಲ್ಲು ಕೈಯಲ್ಲಿದ್ದರೆ ಸಾಲದು. ಮಾಲು ಅಂಗಡಿಗೆ ಬಂದು ಇಳಿದಿರಬೇಕು. ಮಾರಿದವರು ಆ ಬಿಲ್ಲನ್ನು ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಹಾಕಿರಬೇಕು. ಅದು ನಿಮ್ಮ ಖರೀದಿ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಬೇಕು. ಈ 2ಬಿ ಪ್ರತಿ ತಿಂಗಳು 14ನೇ ತಾರೀಕು ತಯಾರಾಗುತ್ತದೆ. ಆ ತಿಂಗಳು ನಿಮಗೆ ಎಷ್ಟು ಕ್ರೆಡಿಟ್ ಅನ್ನುವುದಕ್ಕೆ ಅದೇ ಆಧಾರ. ಅದರಲ್ಲಿ ಇಲ್ಲದ ಬಿಲ್ಲನ್ನು ನಿಮ್ಮ ಪುಸ್ತಕದಲ್ಲಿ ಎಷ್ಟು ಚೆನ್ನಾಗಿ ಬರೆದಿಟ್ಟರೂ ಈ ತಿಂಗಳ ರಿಟರ್ನ್‌ಗೆ ಅದು ಬರುವುದಿಲ್ಲ.

ಹುಡುಗನ ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ ನೋಡಿದೆ. ದಾವಣಗೆರೆಯ ಪೈಪಿನ ಬಿಲ್ಲಿನ 18,000 ರೂಪಾಯಿಯನ್ನು ಅವನು ಹಿಡಿದಿಲ್ಲ. ಹಿಡಿದಿದ್ದರೆ 28,350 ಬರುತ್ತಲೇ ಇರಲಿಲ್ಲ. ಅಂದರೆ ಆ ಬಿಲ್ಲು ನಿಮ್ಮ 2ಬಿಯಲ್ಲಿ ಬಂದಿಲ್ಲ. ಯಾಕೆ ಬಂದಿಲ್ಲ ಅಂತ ನೀವೇ ನೋಡಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಯಾರ ಜಿಎಸ್‌ಟಿ ನಂಬರ್ ಬೇಕಾದರೂ ಹುಡುಕಬಹುದು. ಅವರು ಯಾವ ಯಾವ ರಿಟರ್ನ್ ಯಾವತ್ತು ಹಾಕಿದರು ಅನ್ನುವುದು ಅಲ್ಲಿ ಕಾಣುತ್ತದೆ. ನಮ್ಮ ಕಡೆ ನಾನು ಹೆಚ್ಚಾಗಿ ನೋಡುವ ಕಾರಣ ಒಂದೇ: ಮಾರಿದವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕ್ಯೂಆರ್‌ಎಂಪಿ ಪದ್ಧತಿಯಲ್ಲಿರುತ್ತಾರೆ. ವರ್ಷಕ್ಕೆ 5 ಕೋಟಿಯವರೆಗೆ ವಹಿವಾಟು ಇರುವವರು ಹಾಗೆ ಹಾಕಬಹುದು, ತಪ್ಪೇನಿಲ್ಲ. ಆದರೆ ಅವರು ಅಕ್ಟೋಬರ್ ಬಿಲ್ಲನ್ನು ಜನವರಿ 13ರ ಒಳಗೆ ಹಾಕುವ ಜಿಎಸ್‌ಟಿಆರ್-1ರಲ್ಲಿ ತೋರಿಸಿದರೆ, ಅದು ಜನವರಿ 14ಕ್ಕೆ ಬರುವ ನಿಮ್ಮ ಡಿಸೆಂಬರ್‌ನ 2ಬಿಯಲ್ಲಿ ಕಾಣಿಸುತ್ತದೆ. ಅಲ್ಲಿಯವರೆಗೆ ನಿಮ್ಮ 18,000 ದಾರಿಯಲ್ಲೇ ಇರುತ್ತದೆ.

ಈ ದುಡ್ಡು ಹೋಗಿಬಿಟ್ಟಿಲ್ಲ. ಡಿಸೆಂಬರ್ ರಿಟರ್ನ್‌ನಲ್ಲಿ ತೆಗೆದುಕೊಳ್ಳುತ್ತೀರಿ. ಬಿಲ್ಲು ಯಾವ ಹಣಕಾಸು ವರ್ಷದ್ದೋ ಆ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೆ, ಅಥವಾ ವಾರ್ಷಿಕ ರಿಟರ್ನ್ ಹಾಕುವ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಅವಕಾಶ ಇದೆ. ಆದರೂ ಎರಡು ತಿಂಗಳು ಹೆಚ್ಚು ಕಾಯುವುದು ಸಣ್ಣ ಅಂಗಡಿಗೆ ಭಾರವೇ. ದಾವಣಗೆರೆಯವರಿಗೆ ಒಂದು ಫೋನ್ ಮಾಡಿ. ಕ್ಯೂಆರ್‌ಎಂಪಿಯಲ್ಲಿ ಇರುವವರಿಗೂ ಐಎಫ್‌ಎಫ್ ಅಂತ ಒಂದು ಸೌಲಭ್ಯ ಇದೆ. ತ್ರೈಮಾಸಿಕದ ಮೊದಲ ಎರಡು ತಿಂಗಳ ಬಿಲ್ಲುಗಳನ್ನು ಮುಂದಿನ ತಿಂಗಳ 13ರ ಒಳಗೆ ಅದರಲ್ಲಿ ಹಾಕಿಬಿಟ್ಟರೆ ನಿಮಗೆ ಆಯಾ ತಿಂಗಳೇ ಕ್ರೆಡಿಟ್ ಸಿಗುತ್ತದೆ. ಅವರಿಗೆ ಒಂದು ಹತ್ತು ನಿಮಿಷದ ಕೆಲಸ. "ಐಎಫ್‌ಎಫ್ ಹಾಕ್ತೀರಾ?" ಅಂತ ಮಾಲು ಬುಕ್ ಮಾಡುವಾಗಲೇ ಕೇಳುವುದು ಒಳ್ಳೆಯದು. ಎರಡು ತಿಂಗಳು 18,000 ಕೈಬಿಡುವುದಾದರೆ, ದರದಲ್ಲಿ ಒಂದು ರೂಪಾಯಿ ಕಮ್ಮಿ ಕೊಡಿ ಅಂತಲೂ ಕೇಳಬಹುದು.

"ಬಿಲ್ಲು ಹೇಗೂ ಬರುತ್ತದೆ, ಈಗಲೇ ಹಿಡಿದುಬಿಡೋಣ" ಅಂತ ಅನ್ನಿಸಬಹುದು. ಬೇಡ. ಸಿಗದ ಕ್ರೆಡಿಟ್ ತೆಗೆದುಕೊಂಡು ಬಳಸಿದರೆ ವರ್ಷಕ್ಕೆ 18%ರಂತೆ ಬಡ್ಡಿ ಬೀಳುತ್ತದೆ. ನವೆಂಬರ್ 20ರಿಂದ ಜನವರಿ 20ರವರೆಗೆ 61 ದಿನಕ್ಕೆ 18,000ದ ಮೇಲೆ ಸುಮಾರು 541 ರೂಪಾಯಿ. ಮೊತ್ತ ದೊಡ್ಡದಲ್ಲ ನಿಜ. ಆದರೆ ಅವರು ಜನವರಿಯಲ್ಲೂ ಬಿಲ್ಲು ಹಾಕದೆ ಹೋದರೆ ಬಡ್ಡಿಯ ಜೊತೆ ನೋಟಿಸೂ ಬರಬಹುದು. ಆಗ ಉತ್ತರ ಕೊಡಬೇಕಾದವರು ನೀವು, ಅವರಲ್ಲ.

ಇನ್ನು ಗಡಿಯಾರ. ಅದು 2ಬಿಯಲ್ಲಿ ಬಂದಿರುತ್ತದೆ, ಕೇಂದ್ರದ ಪಾಲಾದ ಸಿಜಿಎಸ್‌ಟಿ 720, ರಾಜ್ಯದ ಪಾಲಾದ ಎಸ್‌ಜಿಎಸ್‌ಟಿ 720. ಆದರೂ ಸಿಗುವುದಿಲ್ಲ. ಉಡುಗೊರೆಯಾಗಿ ಕೊಟ್ಟ ವಸ್ತುವಿನ ಕ್ರೆಡಿಟ್ಟನ್ನು ಕಾನೂನಿನ 17(5)ನೇ ಕಲಂ ತಡೆಯುತ್ತದೆ. ವ್ಯಾಪಾರಕ್ಕಾಗಿಯೇ ಕೊಟ್ಟೆ, ಅವರೇ ನನ್ನ ಗಿರಾಕಿಗಳನ್ನು ಕರೆತರುವವರು ಅಂತ ನೀವು ಹೇಳಬಹುದು. ಮಾತು ನ್ಯಾಯವೇ. ಆದರೆ ಕಲಂನಲ್ಲಿ ಉಡುಗೊರೆ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಆ 1,440 ರೂಪಾಯಿಯನ್ನು ಗಡಿಯಾರದ ಬೆಲೆಗೇ ಸೇರಿಸಿ ಖರ್ಚು ಬರೆಯಿರಿ. ನಿಮ್ಮ ಇಡೀ ಲೆಕ್ಕದಲ್ಲಿ ಶಾಶ್ವತವಾಗಿ ಕೈಬಿಟ್ಟು ಹೋಗುವುದು ಇದೊಂದೇ.

ಈ ಎರಡನ್ನೂ ಕೂಡಿಸಿ: 18,000 ಮತ್ತು 1,440, ಒಟ್ಟು 19,440. ನೀವು ಉಳಿಯುತ್ತದೆ ಅಂದುಕೊಂಡ 5,040ನ್ನು ಅದರಲ್ಲಿ ಕಳೆಯಿರಿ. 14,400 ಬಂತು. ನಿಮ್ಮ ಲೆಕ್ಕಕ್ಕೂ ಸರಿಯಾದ ಲೆಕ್ಕಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಬಾಡಿಗೆ ಎಲ್ಲಿ ಹೋಯಿತು ಅಂತ ಕೇಳುತ್ತೀರಿ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2024ರ ಅಕ್ಟೋಬರ್ 10ರಿಂದ ಒಂದು ನಿಯಮ ಬಂದಿದೆ. ಅಂಗಡಿ, ಗೋಡೌನ್ ಇಂಥ ವಾಣಿಜ್ಯ ಜಾಗವನ್ನು ಜಿಎಸ್‌ಟಿ ನಂಬರ್ ಇಲ್ಲದವರು ನಂಬರ್ ಇರುವವರಿಗೆ ಬಾಡಿಗೆಗೆ ಕೊಟ್ಟರೆ, ಆ ಬಾಡಿಗೆಯ ಮೇಲಿನ 18% ತೆರಿಗೆಯನ್ನು ಬಾಡಿಗೆದಾರರೇ ಸರ್ಕಾರಕ್ಕೆ ಕಟ್ಟಬೇಕು. ಇದಕ್ಕೆ ರಿವರ್ಸ್ ಚಾರ್ಜ್ ಅಂತಾರೆ. ಮಾಲೀಕರಿಗೆ ನಂಬರ್ ಇಲ್ಲ ಅನ್ನುವುದೇ ನಿಮ್ಮ ಮೇಲೆ ಬರಲು ಕಾರಣ. ನಂಬರ್ ಇದ್ದಿದ್ದರೆ ಅವರೇ ಬಿಲ್ಲು ಹರಿದು ತೆರಿಗೆ ವಸೂಲಿ ಮಾಡುತ್ತಿದ್ದರು. 15,000ಕ್ಕೆ 2,700 ಆಗುತ್ತದೆ, 1,350 ಸಿಜಿಎಸ್‌ಟಿ, 1,350 ಎಸ್‌ಜಿಎಸ್‌ಟಿ. ಇಲ್ಲಿ ಹುಡುಗ ಮಾಡಿದ್ದು ಪೂರ್ತಿ ಸರಿ.

ಇದರಲ್ಲಿ ಎರಡು ವಿಷಯ ನೆನಪಿಡಿ. ಒಂದು, ಈ 2,700ನ್ನು ಕ್ರೆಡಿಟ್‌ನಿಂದ ತೀರಿಸಲು ಬರುವುದಿಲ್ಲ. ಕ್ರೆಡಿಟ್ ಇರುವುದು ನೀವು ಮಾರಿದ್ದರ ಮೇಲಿನ ತೆರಿಗೆ ತೀರಿಸಲಿಕ್ಕೆ. ರಿವರ್ಸ್ ಚಾರ್ಜ್ ಮಾರಾಟದ ತೆರಿಗೆಯಲ್ಲ, ಅದನ್ನು ನಗದಾಗಿಯೇ, ಅಂದರೆ ಬ್ಯಾಂಕಿನಿಂದ ಕ್ಯಾಶ್ ಲೆಡ್ಜರ್‌ಗೆ ತುಂಬಿಯೇ ಕಟ್ಟಬೇಕು. ಎರಡು, ಹಾಗೆ ಕಟ್ಟಿದ 2,700 ಅದೇ ತಿಂಗಳು ನಿಮಗೆ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಂಡ ಹಾಗೆ. ಆದ್ದರಿಂದಲೇ ನಿಮ್ಮ ಅಂತಿಮ ಮೊತ್ತ ಬಾಡಿಗೆ ಇದ್ದರೂ 14,400, ಇಲ್ಲದಿದ್ದರೂ 14,400. ಮಾರಾಟದ ತೆರಿಗೆಗಿಂತ ಕ್ರೆಡಿಟ್ ಜಾಸ್ತಿ ಇರುವ ತಿಂಗಳಲ್ಲಿ ಮಾತ್ರ ಇದು ಬೇರೆ ಥರ ಕಾಣುತ್ತದೆ. ಉಳಿದದ್ದೆಲ್ಲ ಸೊನ್ನೆಯಾದರೂ ಆ 2,700 ಮಾತ್ರ ಕೈಯಿಂದ ಹೋಗುತ್ತದೆ.

ಒಂದು ಕಾಗದ ಮಾತ್ರ ಮರೆಯಬೇಡಿ. ಮಾಲೀಕರು ಬಿಲ್ಲು ಕೊಡುವುದಿಲ್ಲವಾದ್ದರಿಂದ ನಿಮ್ಮ ಹೆಸರಿಗೆ ನೀವೇ ಬಿಲ್ಲು ಬರೆದುಕೊಳ್ಳಬೇಕು. ಅದಕ್ಕೆ ಸೆಲ್ಫ್ ಇನ್‌ವಾಯ್ಸ್ ಅಂತಾರೆ, 30 ದಿನದೊಳಗೆ ಆಗಬೇಕು. ಅದಿಲ್ಲದೆ ಕ್ರೆಡಿಟ್ ತೆಗೆದುಕೊಂಡರೆ ಮುಂದೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಹಿಂದಿನ ತಿಂಗಳ ಬಾಡಿಗೆಗೆ ಕಟ್ಟದೆ ಬಿಟ್ಟಿದ್ದರೆ ಅದನ್ನೂ ಬಡ್ಡಿ ಸೇರಿಸಿ ಕಟ್ಟಿ ಮುಗಿಸಿ.

ಈಗ ನಿಜವಾದ ಕೆಲಸಕ್ಕೆ ಬರೋಣ. ಈ ತಿಂಗಳು ನಿಮ್ಮ ಕೈಯಲ್ಲಿರುವ ಕ್ರೆಡಿಟ್ ಇಷ್ಟು. ಕೊಯಮತ್ತೂರಿನ ಬಿಲ್ಲಿನಿಂದ ಐಜಿಎಸ್‌ಟಿ, ಅಂದರೆ ಹೊರರಾಜ್ಯದ ವ್ಯಾಪಾರಕ್ಕೆ ಬೀಳುವ ತೆರಿಗೆ, 57,600. ಬೆಂಗಳೂರಿನ ಬಿಲ್ಲು ಮತ್ತು ಬಾಡಿಗೆ ಸೇರಿ ಸಿಜಿಎಸ್‌ಟಿ 19,350, ಎಸ್‌ಜಿಎಸ್‌ಟಿ 19,350. ತೀರಿಸಬೇಕಾದ ಮಾರಾಟದ ತೆರಿಗೆ ರಾಯದುರ್ಗದ್ದು ಐಜಿಎಸ್‌ಟಿ 18,000, ಊರಿನದ್ದು ಸಿಜಿಎಸ್‌ಟಿ 45,000, ಎಸ್‌ಜಿಎಸ್‌ಟಿ 45,000.

ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡೂ ಪಾಲಾದ ಅಣ್ಣತಮ್ಮಂದಿರ ಹಾಗೆ. ಒಂದೇ ಬಿಲ್ಲಿನಲ್ಲಿ ಸಮಸಮ ಹುಟ್ಟುತ್ತವೆ, ಆದರೆ ಒಬ್ಬನ ದುಡ್ಡಿನಿಂದ ಇನ್ನೊಬ್ಬನ ಸಾಲ ತೀರಿಸಲು ಬರುವುದಿಲ್ಲ. ಒಂದು ಕೇಂದ್ರದ್ದು, ಇನ್ನೊಂದು ರಾಜ್ಯದ್ದು. ಐಜಿಎಸ್‌ಟಿ ಕ್ರೆಡಿಟ್ ಮಾತ್ರ ಎರಡೂ ಮನೆಗೆ ಹೋಗಬಹುದು. ಅದಕ್ಕೊಂದು ಕಟ್ಟಳೆ ಇದೆ: ಮೊದಲು ಐಜಿಎಸ್‌ಟಿ ಬಾಕಿಯನ್ನೇ ತೀರಿಸಬೇಕು. ಉಳಿದದ್ದನ್ನು ಸಿಜಿಎಸ್‌ಟಿಗೂ ಎಸ್‌ಜಿಎಸ್‌ಟಿಗೂ ಯಾವ ಕ್ರಮದಲ್ಲಿ, ಯಾವ ಪ್ರಮಾಣದಲ್ಲಿ ಬೇಕಾದರೂ ಹಾಕಬಹುದು. ಆದರೆ ಐಜಿಎಸ್‌ಟಿ ಕ್ರೆಡಿಟ್ ಪೂರ್ತಿ ಮುಗಿಯುವವರೆಗೆ ಉಳಿದ ಎರಡರ ಕ್ರೆಡಿಟ್ ಮುಟ್ಟುವಂತಿಲ್ಲ.

ರಾಯದುರ್ಗದ 18,000 ತೀರಿಸಿದ ಮೇಲೆ ಐಜಿಎಸ್‌ಟಿ ಕ್ರೆಡಿಟ್ 39,600 ಉಳಿಯಿತು. ಇದನ್ನು ಎಲ್ಲಿ ಹಾಕುತ್ತೀರಿ ಅನ್ನುವುದರ ಮೇಲೆ ನಿಮ್ಮ ಚಲನ್ ಮೊತ್ತ ನಿಂತಿದೆ.

ಹುಡುಗ ಅಷ್ಟೂ 39,600ನ್ನು ಸಿಜಿಎಸ್‌ಟಿಗೆ ಹಾಕಿದ್ದಾನೆ. 45,000ದಲ್ಲಿ 39,600 ಹೋಗಿ 5,400 ಉಳಿಯಿತು. ಅದನ್ನು ಸಿಜಿಎಸ್‌ಟಿ ಕ್ರೆಡಿಟ್‌ನಿಂದ ತೀರಿಸಿದ. ಆ ಕ್ರೆಡಿಟ್‌ನಲ್ಲಿ ಇನ್ನೂ 13,950 ಹಾಗೇ ಉಳಿಯಿತು. ಎಸ್‌ಜಿಎಸ್‌ಟಿ ಕಡೆ 45,000ಕ್ಕೆ 19,350 ಮಾತ್ರ ಕ್ರೆಡಿಟ್, ಆದ್ದರಿಂದ 25,650 ನಗದು ಬೇಕಾಯಿತು. ಬಾಡಿಗೆಯ 2,700 ಸೇರಿಸಿ 28,350. ಒಂದು ಕಡೆ ಕ್ರೆಡಿಟ್ ಸುಮ್ನೆ ಕೂತಿದೆ, ಇನ್ನೊಂದು ಕಡೆ ನೀವು ಬ್ಯಾಂಕಿನಿಂದ ತೆಗೆದು ಕಟ್ಟುತ್ತಿದ್ದೀರಿ.

ಅವನನ್ನು ಬೈಯಬೇಡಿ. ಈ ಅಭ್ಯಾಸಕ್ಕೆ ಒಂದು ಹಿನ್ನೆಲೆ ಇದೆ. ಕಾನೂನಿನಲ್ಲಿ ಮೊದಲು ಬರೆದಿದ್ದ ಕ್ರಮ ಐಜಿಎಸ್‌ಟಿ, ಆಮೇಲೆ ಸಿಜಿಎಸ್‌ಟಿ, ಆಮೇಲೆ ಎಸ್‌ಜಿಎಸ್‌ಟಿ ಅಂತಲೇ ಇತ್ತು. 2019ರ ಫೆಬ್ರವರಿಯಿಂದ ಐಜಿಎಸ್‌ಟಿ ಕ್ರೆಡಿಟ್ ಮೊದಲು ಖಾಲಿ ಮಾಡಲೇಬೇಕು ಅಂತ ಬಂದಾಗ ಈ ತೊಂದರೆ ಎಲ್ಲರಿಗೂ ಆಯಿತು. ಸಿಜಿಎಸ್‌ಟಿ ಕ್ರೆಡಿಟ್ ಗುಡ್ಡೆ ಬೀಳತೊಡಗಿತು, ಎಸ್‌ಜಿಎಸ್‌ಟಿಗೆ ನಗದು ಹೋಗತೊಡಗಿತು. ಅದೇ ವರ್ಷ ಮಾರ್ಚ್ 29ರಂದು 88ಎ ನಿಯಮ ತಂದು, ಉಳಿದ ಐಜಿಎಸ್‌ಟಿಯನ್ನು ಹೇಗೆ ಬೇಕಾದರೂ ಹಂಚಿ ಅಂತ ಬಿಟ್ಟುಕೊಟ್ಟರು. ನಿಯಮ ಬದಲಾಗಿ ಇಷ್ಟು ವರ್ಷ ಆಯಿತು, ಕೆಲವರ ಕೈ ಮಾತ್ರ ಇನ್ನೂ ಹಳೆಯ ದಾರಿಯಲ್ಲೇ ಓಡುತ್ತದೆ.

ಸರಿಯಾಗಿ ಹಂಚುವುದು ಹೇಗೆ? ಕಾಗದದ ಮೇಲೆ ಹಿಂದಿನಿಂದ ಲೆಕ್ಕ ಹಾಕಿ. ಮೊದಲು ಪ್ರತಿ ಖಾನೆಯಲ್ಲಿ ಅದರದ್ದೇ ಕ್ರೆಡಿಟ್ ಕಳೆದರೆ ಎಷ್ಟು ಕೊರತೆ ಬೀಳುತ್ತದೆ ನೋಡಿ. ಸಿಜಿಎಸ್‌ಟಿಯಲ್ಲಿ 45,000ದಿಂದ 19,350 ಕಳೆದರೆ 25,650. ಎಸ್‌ಜಿಎಸ್‌ಟಿಯಲ್ಲೂ ಅಷ್ಟೇ. ಈ ಕೊರತೆಗಿಂತ ಜಾಸ್ತಿ ಐಜಿಎಸ್‌ಟಿಯನ್ನು ಯಾವ ಖಾನೆಗೂ ಹಾಕಬಾರದು. ಹಾಕಿದರೆ ಆ ಖಾನೆಯ ಸ್ವಂತ ಕ್ರೆಡಿಟ್ ಕೆಲಸವಿಲ್ಲದೆ ಕೂರುತ್ತದೆ. ನಿಮಗೆ ಸುಲಭ ದಾರಿ ಅರ್ಧ ಅರ್ಧ ಮಾಡುವುದು, 19,800 ಆ ಕಡೆ, 19,800 ಈ ಕಡೆ.

| | ಐಜಿಎಸ್‌ಟಿ | ಸಿಜಿಎಸ್‌ಟಿ | ಎಸ್‌ಜಿಎಸ್‌ಟಿ |
|---|---|---|---|
| ಮಾರಾಟದ ತೆರಿಗೆ | 18,000 | 45,000 | 45,000 |
| ಐಜಿಎಸ್‌ಟಿ ಕ್ರೆಡಿಟ್‌ನಿಂದ | 18,000 | 19,800 | 19,800 |
| ಅದೇ ಖಾನೆಯ ಕ್ರೆಡಿಟ್‌ನಿಂದ | – | 19,350 | 19,350 |
| ನಗದು | 0 | 5,850 | 5,850 |
| ಬಾಡಿಗೆಯ ರಿವರ್ಸ್ ಚಾರ್ಜ್, ನಗದು | – | 1,350 | 1,350 |
| ಒಟ್ಟು ನಗದು | 0 | 7,200 | 7,200 |

ಎರಡೂ ಸೇರಿ 14,400. ಅರ್ಧ ಅರ್ಧವೇ ಆಗಬೇಕು ಅಂತೇನೂ ಇಲ್ಲ. ಸಿಜಿಎಸ್‌ಟಿಗೆ 25,650, ಎಸ್‌ಜಿಎಸ್‌ಟಿಗೆ 13,950 ಹಾಕಿದರೂ ಒಟ್ಟು ಅಷ್ಟೇ ಬರುತ್ತದೆ. ಕೊರತೆಯ ಗೆರೆ ದಾಟಬಾರದು, ಅಷ್ಟೇ. ಉಳಿದ ಐಜಿಎಸ್‌ಟಿಯೇ ಎರಡು ಕೊರತೆಗಳ ಮೊತ್ತಕ್ಕಿಂತ ಜಾಸ್ತಿ ಇರುವ ತಿಂಗಳೂ ಬರುತ್ತದೆ. ಆಗ ಗೆರೆ ದಾಟುವುದು ಅನಿವಾರ್ಯ, ಏಕೆಂದರೆ ಐಜಿಎಸ್‌ಟಿ ಮೊದಲು ಖಾಲಿಯಾಗಲೇಬೇಕು. ಮಾರಾಟದ ತೆರಿಗೆಗೆ ನಗದೂ ಬೇಕಾಗುವುದಿಲ್ಲ. ಅಂಥ ತಿಂಗಳಲ್ಲಿ ಹೆಚ್ಚುವರಿಯನ್ನು ಎರಡೂ ಕಡೆ ಸಮ ಹಂಚಿದರೆ ಮುಂದಿನ ತಿಂಗಳಿಗೆ ಎರಡೂ ಖಾನೆಯಲ್ಲಿ ಸಮನಾಗಿ ಉಳಿಯುತ್ತದೆ.

ನಿಮ್ಮ ಹುಡುಗ ಮಾಡಿದ ಹಾಗೆ ಕಟ್ಟಿಬಿಟ್ಟಿದ್ದರೆ 13,950 ಮುಳುಗಿಹೋಗುತ್ತಿತ್ತೇ? ಇಲ್ಲ, ಸಿಜಿಎಸ್‌ಟಿ ಕ್ರೆಡಿಟ್ ಆಗಿ ಮುಂದಿನ ತಿಂಗಳಿಗೆ ಹೋಗುತ್ತಿತ್ತು. ಆದರೆ ಅವನು ಪ್ರತಿ ತಿಂಗಳೂ ಹೀಗೇ ಹಂಚಿದರೆ ಅದು ಕರಗುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಇಲ್ಲಿ ದಾವಣಗೆರೆಯಲ್ಲೇ ಒಂದು ಅಂಗಡಿಯ ಲೆಕ್ಕ ನನ್ನ ಕೈಗೆ ಬಂದಾಗ ಸಿಜಿಎಸ್‌ಟಿ ಖಾನೆಯಲ್ಲಿ 60,000ಕ್ಕೂ ಹೆಚ್ಚು ಕೂತಿತ್ತು, ಎಸ್‌ಜಿಎಸ್‌ಟಿಯಲ್ಲಿ ಸೊನ್ನೆ. ಯಜಮಾನರು ಬ್ಯಾಂಕಿನ ಓಡಿ ಖಾತೆಯಿಂದ ಬಡ್ಡಿಗೆ ದುಡ್ಡು ತೆಗೆದು ತಿಂಗಳು ತಿಂಗಳು ಎಸ್‌ಜಿಎಸ್‌ಟಿ ಕಟ್ಟುತ್ತಿದ್ದರು. ಸರಿ ಮಾಡಿದ್ದು ಸುಲಭವಾಗಿಯೇ. ಮುಂದಿನ ಕೆಲವು ತಿಂಗಳು ಐಜಿಎಸ್‌ಟಿಯಲ್ಲಿ ಉಳಿದದ್ದನ್ನು ಪೂರ್ತಿ ಎಸ್‌ಜಿಎಸ್‌ಟಿಗೆ ತಿರುಗಿಸಿದೆವು. ಸಿಜಿಎಸ್‌ಟಿ ತನ್ನ ಹಳೆಯ ಗಂಟನ್ನು ತಾನೇ ಕರಗಿಸಿಕೊಂಡಿತು.

ಇದನ್ನು ಪತ್ತೆ ಹಚ್ಚಲು ನೀವು ಲೆಕ್ಕದವರಾಗಬೇಕಿಲ್ಲ. ಪೋರ್ಟಲ್‌ನಲ್ಲಿ ಕ್ರೆಡಿಟ್ ಲೆಡ್ಜರ್ ತೆರೆದು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬಾಕಿ ನೋಡಿ. ನಮ್ಮ ರಾಜ್ಯದ ಬಿಲ್ಲಿನಲ್ಲಿ ಎರಡೂ ಯಾವಾಗಲೂ ಸಮ ಬರುತ್ತವೆ, ಊರಿನ ಮಾರಾಟದಲ್ಲೂ ಸಮ ಹೋಗುತ್ತವೆ. ಹಾಗಿರುವಾಗ ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಸೊನ್ನೆ ಇದೆ ಅಂದರೆ ಅದು ವ್ಯಾಪಾರದಿಂದ ಬಂದದ್ದಲ್ಲ. ಹಿಂದೆ ಯಾವಾಗಲೋ ಹಂಚುವಾಗ ಹಾಗಾಗಿರುತ್ತದೆ.

ಇನ್ನೊಂದು ಅಡ್ಡ ಲೆಕ್ಕವೂ ಇದೆ, ಅರ್ಧ ನಿಮಿಷದ್ದು. ಕಟ್ಟಬೇಕಾದ್ದೆಲ್ಲ ಕೂಡಿಸಿ, ಬಾಡಿಗೆಯದ್ದೂ ಸೇರಿ: 1,10,700. ಸಿಗುವ ಕ್ರೆಡಿಟ್ ಎಲ್ಲ ಕೂಡಿಸಿ: 96,300. ವ್ಯತ್ಯಾಸ 14,400. ಚಲನ್ ಮೊತ್ತ ಇದಕ್ಕಿಂತ ಜಾಸ್ತಿ ಇದ್ದರೆ, ಅಷ್ಟೇ ಮೊತ್ತ ಕ್ರೆಡಿಟ್ ಲೆಡ್ಜರ್‌ನಲ್ಲಿ ಎಲ್ಲೋ ಉಳಿದಿರುತ್ತದೆ. ನಿಮ್ಮ ವಿಷಯದಲ್ಲಿ 28,350ರಿಂದ 14,400 ಕಳೆಯಿರಿ, 13,950. ಎಲ್ಲಿ ಕೂತಿತ್ತು ಅಂತ ಮೇಲೆ ನೋಡಿದೆವಲ್ಲ.

ಕೊನೆಗೆ ತಿಂಗಳ ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿಯಲ್ಲಿ ಇದೆಲ್ಲ ಎಲ್ಲಿ ಬರುತ್ತದೆ ಹೇಳುತ್ತೇನೆ, ಹುಡುಗನ ಪಕ್ಕ ಕೂತು ನೋಡಿಕೊಳ್ಳಿ. ಮಾರಾಟ 3.1(a)ಯಲ್ಲಿ, ರಾಯದುರ್ಗದ್ದೂ ಊರಿನದ್ದೂ ಸೇರಿ. ಇದು ನಿಮ್ಮ ಜಿಎಸ್‌ಟಿಆರ್-1ರಿಂದ ತಾನಾಗಿಯೇ ಬರುತ್ತದೆ. ಬಾಡಿಗೆಯ 15,000 ಮತ್ತು ಅದರ ತೆರಿಗೆ 3.1(d)ಯಲ್ಲಿ, ಇದನ್ನು ಕೈಯಿಂದ ತುಂಬಬೇಕು. ಅದರ ಕ್ರೆಡಿಟ್ 4(A)(3)ರಲ್ಲಿ. ಮರೆತುಹೋಗುವ ಸಾಲು ಇದೇ. ತೆರಿಗೆ ಕಟ್ಟಿ ಕ್ರೆಡಿಟ್ ತೆಗೆದುಕೊಳ್ಳದೆ ಬಿಟ್ಟವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಉಳಿದ ಬಿಲ್ಲುಗಳ ಕ್ರೆಡಿಟ್ 4(A)(5)ರಲ್ಲಿ 2ಬಿಯಿಂದ ಬಂದಿರುತ್ತದೆ: ಐಜಿಎಸ್‌ಟಿ 57,600, ಸಿಜಿಎಸ್‌ಟಿ 18,720, ಎಸ್‌ಜಿಎಸ್‌ಟಿ 18,720. ಇದರಲ್ಲಿ ಗಡಿಯಾರದ್ದೂ ಸೇರಿದೆ. ಅಲ್ಲೇ ತಿದ್ದಿ ಕಮ್ಮಿ ಮಾಡಬೇಡಿ. 4(B)(1)ರಲ್ಲಿ 720, 720 ಅಂತ ತೋರಿಸಿ ಬಿಡಿಸಿ. ಆಗ 4(C)ಯಲ್ಲಿ ನಿವ್ವಳ ಕ್ರೆಡಿಟ್ 57,600, 19,350, 19,350 ಬರಬೇಕು. ಬಂದಿಲ್ಲ ಅಂದರೆ ಮುಂದೆ ಹೋಗಬೇಡಿ.

ಆಮೇಲೆ `PROCEED TO PAYMENT` ಒತ್ತಿದರೆ 6.1ರ ಪಟ್ಟಿ ಬರುತ್ತದೆ. ಕ್ರೆಡಿಟ್ ಹೀಗೆ ಹಂಚಬಹುದು ಅಂತ ಪೋರ್ಟಲ್ಲೇ ಅಲ್ಲಿ ಅಂಕಿ ತುಂಬಿ ತೋರಿಸುತ್ತದೆ. ಅದು ಸಲಹೆ ಅಷ್ಟೇ, ಆ ಚೌಕಗಳನ್ನು ನೀವು ತಿದ್ದಬಹುದು. ಐಜಿಎಸ್‌ಟಿ ಕ್ರೆಡಿಟ್‌ನ ಕಾಲಂನಲ್ಲಿ ಮೇಲಿಂದ ಕೆಳಕ್ಕೆ 18,000, 19,800, 19,800 ಇದೆಯೇ ನೋಡಿ. ಇಲ್ಲದಿದ್ದರೆ ಹಾಗೆ ಮಾಡಿ. ನಗದಿನ ಕಾಲಂ ತಾನಾಗಿ ಬದಲಾಗುತ್ತದೆ. ಚಲನ್ ಮಾಡುವಾಗ ಸಿಜಿಎಸ್‌ಟಿ 7,200, ಎಸ್‌ಜಿಎಸ್‌ಟಿ 7,200, ಎರಡೂ ತೆರಿಗೆಯ ಖಾನೆಗೇ ಹೋಗಬೇಕು. ಅವಸರದಲ್ಲಿ 14,400ನ್ನೂ ಒಂದೇ ಖಾನೆಗೆ ತುಂಬಿದರೆ ಇನ್ನೊಂದರಲ್ಲಿ ಕಮ್ಮಿ ಬೀಳುತ್ತದೆ. ಹಾಗಾದರೆ ಮತ್ತೆ ದುಡ್ಡು ಹಾಕಬೇಡಿ. ಪಿಎಂಟಿ-09 ಅನ್ನುವ ನಮೂನೆಯಲ್ಲಿ ನಗದನ್ನು ಖಾನೆಯಿಂದ ಖಾನೆಗೆ ವರ್ಗಾಯಿಸಬಹುದು. ಕ್ರೆಡಿಟ್ ಅನ್ನು ಹಾಗೆ ವರ್ಗಾಯಿಸಲು ಬರುವುದಿಲ್ಲ, ನಗದು ಮಾತ್ರ. `MAKE PAYMENT/POST CREDIT TO LEDGER` ಒತ್ತಿದ ಮೇಲೆ ಹಂಚಿಕೆ ತಿದ್ದಲು ಆಗುವುದಿಲ್ಲ. ಆ ಗುಂಡಿ ಒತ್ತುವ ಮುಂಚೆ ಹುಡುಗ ನಿಮಗೊಂದು ಫೋನ್ ಮಾಡಲಿ.

ಇನ್ನು ಜನವರಿಯಲ್ಲಿ, ಡಿಸೆಂಬರ್ ರಿಟರ್ನ್ ಹಾಕುವಾಗ, ದಾವಣಗೆರೆಯ ಬಿಲ್ಲು 2ಬಿಯಲ್ಲಿ ಬಂದಿದೆಯೇ ನೋಡುವುದನ್ನು ಮರೆಯಬೇಡಿ. ಬಂದಿದ್ದರೆ 9,000, 9,000 ಅಲ್ಲಿ ಸೇರಿರುತ್ತದೆ. ಜನವರಿ 14 ಕಳೆದರೂ ಇಲ್ಲ ಅಂದರೆ, ಪೈಪಿನ ದುಡ್ಡಿನಲ್ಲಿ ಇನ್ನೂ ಏನಾದರೂ ಕೊಡುವುದು ಬಾಕಿ ಇದ್ದರೆ, ಆ 18,000 ಮಟ್ಟಿಗೆ ತಡೆಹಿಡಿದು ಅವರಿಗೆ ತಿಳಿಸಿ.